ಒಟಿಪಿ, ಪಿನ್, ಫೋನಿನ ಒಪ್ಪಿಗೆ: ಹಣ ಹೊರಡುವ ಮುನ್ನ ಬ್ಯಾಂಕು ಕೇಳುವುದೇನು

ಪುಣೆಯ ಹಿಂಜೆವಾಡಿಯಲ್ಲಿ ಕೆಲಸ ಮಾಡುವ ಮಗಳೊಬ್ಬಳು ಡೊಂಬಿವಿಲಿಯಲ್ಲಿರುವ ತಂದೆ ತಾಯಿಗಾಗಿ ಠಾಣೆಯಿಂದ ಮಂಗಳೂರಿಗೆ ಮತ್ಸ್ಯಗಂಧ ರೈಲಿನ ಟಿಕೆಟ್ ತೆಗೆಯುತ್ತಿದ್ದಾಳೆ ಎಂದುಕೊಳ್ಳೋಣ. ಮೊತ್ತ 2,480 ರೂಪಾಯಿ, ಹಣ ಹೋಗಬೇಕಾದದ್ದು ತಂದೆಯ ಖಾತೆಯಿಂದ. ಕಾರ್ಡಿನ ವಿವರಗಳು ಅವಳ ಬಳಿ ಮೊದಲೇ ಇವೆ. ಅವನ್ನು ತುಂಬಿದ ಮೇಲೆ ಅವಳು ಮನೆಗೆ ಫೋನು ಮಾಡಿ, "ಅಪ್ಪಾ, ಮೆಸೇಜು ಬಂತಾ? ನಂಬರ್ ಹೇಳಿ" ಎನ್ನುತ್ತಾಳೆ. ಅವರು ಆರು ಅಂಕಿಗಳನ್ನು ಓದಿ ಹೇಳುತ್ತಾರೆ, ಟಿಕೆಟ್ ಆಗುತ್ತದೆ. ಮುಂಬಯಿ, ಪುಣೆಗಳ ನಮ್ಮ ಮನೆಗಳಲ್ಲಿ ಇದು ತೀರಾ ಸಾಮಾನ್ಯವಾದ ವ್ಯವಹಾರ. ಇದೇ ಟಿಕೆಟ್ಟಿಗೆ ಯುಪಿಐ ಪಿನ್ ಬಳಸಿದ್ದರೆ, ಅಥವಾ ಬ್ಯಾಂಕಿನ ಆ್ಯಪ್‌ನಲ್ಲಿ ಒಪ್ಪಿಗೆ ಒತ್ತುವ ಕ್ರಮವಿದ್ದರೆ, ಮಗಳಿಗೆ ಹೀಗೆ ಫೋನಿನಲ್ಲಿ ಅಂಕಿ ಕೇಳಿಕೊಂಡು ಕೆಲಸ ಮುಗಿಸಲು ಆಗುತ್ತಿರಲಿಲ್ಲ. ಏಕೆ ಆಗುತ್ತಿರಲಿಲ್ಲ ಎಂಬುದನ್ನು ಬಿಡಿಸಿ ನೋಡಿದರೆ ಈ ಮೂರರ ವ್ಯತ್ಯಾಸವೂ, ಯಾವುದು ಎಲ್ಲಿ ಸೋಲುತ್ತದೆ ಎಂಬುದೂ ತಿಳಿಯುತ್ತದೆ.

ಹಿನ್ನೆಲೆಯಾಗಿ ಒಂದೆರಡು ಮಾತು ಸಾಕು. ಆನ್‌ಲೈನ್ ಕಾರ್ಡ್ ಪಾವತಿಗೆ ಕಾರ್ಡಿನ ಮೇಲೆ ಅಚ್ಚಾದ ವಿವರಗಳಷ್ಟೇ ಸಾಲದು, ಅದರಾಚೆಗೆ ಇನ್ನೊಂದು ದೃಢೀಕರಣ ಬೇಕೆಂದು ರಿಸರ್ವ್ ಬ್ಯಾಂಕು 2009ರ ಆಗಸ್ಟ್ 1ರಿಂದ ಕಡ್ಡಾಯಗೊಳಿಸಿತು. ಮೊಬೈಲಿಗೆ ಬರುವ ಒಟಿಪಿ ನಮ್ಮಲ್ಲಿ ಮನೆಮಾತಾದದ್ದು ಆ ದಾರಿಯಲ್ಲಿ. ಯುಪಿಐ 2016ರಲ್ಲಿ ಬಂದಾಗ ಒಟಿಪಿಯ ಜಾಗದಲ್ಲಿ ಪಿನ್ ಬಂತು. 2025ರ ಸೆಪ್ಟೆಂಬರಿನಲ್ಲಿ ರಿಸರ್ವ್ ಬ್ಯಾಂಕು ಹೊರಡಿಸಿದ ನಿರ್ದೇಶನವು 2026ರ ಏಪ್ರಿಲ್ 1ರಿಂದ ಜಾರಿಗೆ ಬರುವಂತೆ ನಿಗದಿಯಾಯಿತು. ಅದು ಒಟಿಪಿಯನ್ನು ನಿಷೇಧಿಸುವುದಿಲ್ಲ. ದೃಢೀಕರಣಕ್ಕೆ ಬೇರೆ ಬೇರೆ ಬಗೆಯ ಎರಡು ಆಧಾರಗಳಿರಬೇಕು, ಕಾರ್ಡನ್ನು ಯಂತ್ರಕ್ಕೆ ತೋರಿಸಿ ಮಾಡುವ ಪಾವತಿಯನ್ನು ಬಿಟ್ಟರೆ ಉಳಿದವುಗಳಲ್ಲಿ ಕನಿಷ್ಠ ಒಂದಾದರೂ ಆ ವ್ಯವಹಾರಕ್ಕೆಂದೇ ಹೊಸದಾಗಿ ಹುಟ್ಟಿದ್ದೋ ಹೊಸದಾಗಿ ಸಾಬೀತಾದದ್ದೋ ಆಗಿರಬೇಕು ಎನ್ನುತ್ತದೆ. ಆಧಾರಗಳು ಮೂರು ಬಗೆಯವು: ನಿಮ್ಮ ಕೈಯಲ್ಲಿರುವ ವಸ್ತು, ನಿಮಗೆ ಮಾತ್ರ ಗೊತ್ತಿರುವ ಸಂಗತಿ ಮತ್ತು ನಿಮ್ಮ ದೇಹದ ಗುರುತು.

ಮೊದಲ ದಾರಿ: ಸಂದೇಶದಲ್ಲಿ ಬರುವ ಒಟಿಪಿ

ಮಗಳು ಕಾರ್ಡಿನ ಸಂಖ್ಯೆ, ಅವಧಿ ಮುಗಿಯುವ ತಿಂಗಳು ಮತ್ತು ಹಿಂಬದಿಯ ಮೂರಂಕಿಯನ್ನು ತುಂಬಿದ ಮೇಲೆ ಟಿಕೆಟ್ ತಾಣವು ಅವಳನ್ನು ತಂದೆಯ ಬ್ಯಾಂಕಿನ ಪುಟಕ್ಕೆ ಕಳುಹಿಸುತ್ತದೆ. ಬ್ಯಾಂಕು ಈ ಒಂದು ಪಾವತಿಗೆಂದೇ ಒಂದು ಸಂಖ್ಯೆಯನ್ನು ಹುಟ್ಟಿಸಿ, ಖಾತೆಗೆ ನೋಂದಾಯಿಸಿರುವ ಮೊಬೈಲ್ ಸಂಖ್ಯೆಗೆ ಕಳುಹಿಸುತ್ತದೆ. ಅದರ ಆಯುಸ್ಸು ಕೆಲವೇ ನಿಮಿಷ. ಬಳಸಿದ ಮೇಲೆ ಅದು ಸತ್ತುಹೋಗುತ್ತದೆ, ನಾಳೆ ಅದೇ ಆರು ಅಂಕಿಗಳಿಂದ ಬೇರೇನನ್ನೂ ಕೊಳ್ಳಲಾಗದು.

ಇದರ ಬಲ ಇಷ್ಟು. ದೌರ್ಬಲ್ಯವೆಂದರೆ, ಆ ಸಂಖ್ಯೆಯನ್ನು ಯಾರು ತುಂಬಿದರು ಎಂಬುದನ್ನು ಬ್ಯಾಂಕು ಅರಿಯಲಾರದು. ಕಾರ್ಡಿನ ವಿವರ ಉಳ್ಳವರು ಒಬ್ಬರು, ಸಂದೇಶವನ್ನು ಓದಬಲ್ಲವರು ಒಬ್ಬರು, ಇಬ್ಬರೂ ಹೇಗೋ ಒಂದಾದರು ಎಂಬುದಷ್ಟೇ ಅದಕ್ಕೆ ಗೊತ್ತಾಗುವುದು. ಹಿಂಜೆವಾಡಿಯ ಮಗಳಿಗೂ, ಎಲ್ಲಿಯೋ ಕುಳಿತ ವಂಚಕನಿಗೂ ಬ್ಯಾಂಕಿನ ಕಣ್ಣಿನಲ್ಲಿ ಅಂತರವಿಲ್ಲ. ಒಟಿಪಿ ಒಬ್ಬರಿಂದ ಇನ್ನೊಬ್ಬರಿಗೆ ದಾಟಬಲ್ಲದು. ಮಾತಿನಲ್ಲಿ ದಾಟುತ್ತದೆ, ಪರದೆಯನ್ನು ಹಂಚಿಕೊಳ್ಳುವ ಆ್ಯಪ್‌ನಲ್ಲಿ ದಾಟುತ್ತದೆ, ಸಂದೇಶಗಳನ್ನು ಓದುವ ಅನುಮತಿ ಪಡೆದ ದುಷ್ಟ ಆ್ಯಪ್‌ನ ಮೂಲಕ ನಿಮಗೆ ತಿಳಿಯದಂತೆಯೂ ದಾಟುತ್ತದೆ. ಸಿಮ್ಮನ್ನು ಬೇರೊಬ್ಬರು ನಿಮ್ಮ ಹೆಸರಿನಲ್ಲಿ ಮರಳಿ ಪಡೆದರೆ ಒಟಿಪಿ ನೇರವಾಗಿ ಅವರಲ್ಲಿಗೇ ಹೋಗುತ್ತದೆ.

ಆದ್ದರಿಂದ ಒಟಿಪಿ ಸಂದೇಶವನ್ನು ಓದುವಾಗ ಕಣ್ಣು ಮೊದಲು ಹೋಗಬೇಕಾದದ್ದು ಅಂಕಿಗಳ ಕಡೆಗಲ್ಲ. ಮೊತ್ತ ಎಷ್ಟು, ಯಾರಿಗೆ, ಯಾವ ಕೆಲಸಕ್ಕೆ ಎಂಬ ಮೂರನ್ನು ಮೊದಲು ನೋಡಬೇಕು. ನಮ್ಮ ಉದಾಹರಣೆಯಲ್ಲಿ ಸಂದೇಶದಲ್ಲಿ 2,480 ರೂಪಾಯಿ ಮತ್ತು ಐಆರ್‌ಸಿಟಿಸಿಯ ಹೆಸರು ಇರಬೇಕು. ಅದರ ಬದಲು 24,800 ಎಂದೋ, ಕೇಳರಿಯದ ಅಂಗಡಿಯ ಹೆಸರೋ, ಅಥವಾ ಪಾವತಿಯ ಮಾತೇ ಇಲ್ಲದೆ "ನೋಂದಣಿ", "ಪಿನ್ ರಚನೆ", "ಹೊಸ ಸಾಧನ" ಎಂಬ ಅರ್ಥದ ಇಂಗ್ಲಿಷ್ ಪದಗಳೋ ಇದ್ದರೆ ಆ ಸಂಖ್ಯೆಯನ್ನು ಎಲ್ಲಿಯೂ ತುಂಬಬಾರದು. ಈ ಕೊನೆಯ ಬಗೆಯ ಸಂದೇಶವೇ ಎಲ್ಲಕ್ಕಿಂತ ಅಪಾಯಕಾರಿ. ಅದಕ್ಕೆ ಮುಂದೆ ಬರುತ್ತೇನೆ.

ಮನೆಯೊಳಗೆ ಒಟಿಪಿ ಹಂಚಿಕೊಳ್ಳುವುದರ ಬಗ್ಗೆಯೂ ಹೇಳಬೇಕು. ಮಗಳಿಗೆ ಹೇಳಿದ ಒಟಿಪಿಯಿಂದ ನಷ್ಟವಾಗಿದೆ ಎಂದು ಯಾರೂ ದೂರುವುದಿಲ್ಲ. ಆದರೆ ಫೋನಿನಲ್ಲಿ ಕೇಳಿದವರಿಗೆ ಸಂಖ್ಯೆ ಓದಿ ಹೇಳುವ ಅಭ್ಯಾಸ ಒಮ್ಮೆ ಬೆಳೆದರೆ, ಮುಂದೊಂದು ದಿನ ಬ್ಯಾಂಕಿನವರೆಂದು ಹೇಳಿಕೊಂಡು ಕೇಳುವ ದನಿಗೂ ನಾಲಗೆ ತಾನಾಗಿಯೇ ಓದಿಬಿಡುತ್ತದೆ. ದೂರದಲ್ಲಿರುವ ಮಕ್ಕಳು ಟಿಕೆಟ್ಟನ್ನು ತಮ್ಮ ಹಣದಲ್ಲಿ ತೆಗೆದು, ಆಮೇಲೆ ತಂದೆಯವರಿಂದ ಯುಪಿಐ ಮೂಲಕ ಹಣ ಪಡೆಯುವುದು ನನ್ನ ಮಟ್ಟಿಗೆ ಹೆಚ್ಚು ಸರಿಯಾದ ಕ್ರಮ.

ಎರಡನೆಯ ದಾರಿ: ಯುಪಿಐ ಪಿನ್

ಈಗ ತಂದೆಯವರೇ ಮನೆಯ ಲ್ಯಾಪ್‌ಟಾಪಿನಲ್ಲಿ ಟಿಕೆಟ್ ಪುಟ ತೆರೆದು, ಪರದೆಯ ಮೇಲೆ ಮೂಡಿದ ಕ್ಯೂಆರ್ ಕೋಡನ್ನು ತಮ್ಮ ಫೋನಿನಿಂದ ಸ್ಕ್ಯಾನ್ ಮಾಡುತ್ತಾರೆ ಎಂದಿಟ್ಟುಕೊಳ್ಳಿ. ಹಣ ಪಡೆಯುವವರ ಹೆಸರು ಮತ್ತು ಮೊತ್ತ ಫೋನಿನಲ್ಲಿ ಕಾಣುತ್ತವೆ, ಅವರು ನಾಲ್ಕು ಅಥವಾ ಆರು ಅಂಕಿಯ ಪಿನ್ ಒತ್ತುತ್ತಾರೆ, ಪಾವತಿ ಮುಗಿಯುತ್ತದೆ. ಯಾವ ಸಂದೇಶವೂ ಬರಲಿಲ್ಲ, ಯಾವ ಹೊಸ ಸಂಖ್ಯೆಯೂ ಹುಟ್ಟಲಿಲ್ಲ. ಪಿನ್ ನಿನ್ನೆ ಇದ್ದದ್ದೇ, ನಾಳೆಯೂ ಅದೇ.

ಹಾಗಾದರೆ ದಿನವೂ ಬದಲಾಗುವ ಒಟಿಪಿಗಿಂತ ಬದಲಾಗದ ಪಿನ್ ದುರ್ಬಲವಲ್ಲವೇ ಎಂಬ ಪ್ರಶ್ನೆ ಏಳುತ್ತದೆ. ಪಿನ್ ಒಂಟಿಯಾಗಿ ಕೆಲಸ ಮಾಡುವುದಿಲ್ಲ ಎಂಬುದೇ ಇದಕ್ಕೆ ಉತ್ತರ. ಯುಪಿಐ ಆ್ಯಪ್ ಅನ್ನು ಮೊದಲ ಬಾರಿಗೆ ಸ್ಥಾಪಿಸಿದ ದಿನ ಅದು ನಿಮ್ಮ ಫೋನಿನಿಂದ, ನಿಮ್ಮ ಸಿಮ್ಮಿನ ಮೂಲಕ, ಗೋಜಲು ಅಕ್ಷರಗಳ ಒಂದು ಸಂದೇಶವನ್ನು ಹೊರಗೆ ಕಳುಹಿಸಿತ್ತು. ಆ ಸಂದೇಶ ಯಾವ ಸಂಖ್ಯೆಯಿಂದ ಬಂತೆಂಬುದನ್ನು ನೋಡಿ ಆ ಸಂಖ್ಯೆಯನ್ನೂ ಆ ಫೋನನ್ನೂ ಒಂದಕ್ಕೊಂದು ಗಂಟು ಹಾಕಲಾಯಿತು. ಅಂದಿನಿಂದ ಆ ಫೋನೇ ಮೊದಲ ಆಧಾರ, ಪಿನ್ ಎರಡನೆಯದು. ತಂದೆಯವರು ತಮ್ಮ ಪಿನ್ನನ್ನು ಮಗಳಿಗೆ ಫೋನಿನಲ್ಲಿ ಹೇಳಿದರೂ ಅವಳಿಗೆ ಟಿಕೆಟ್ ತೆಗೆಯಲಾಗದು, ಏಕೆಂದರೆ ಅವಳ ಫೋನು ಆ ಖಾತೆಗೆ ಗಂಟು ಬಿದ್ದದ್ದಲ್ಲ.

ಒಟಿಪಿ ಕಳೆದುಹೋಗುವುದು ದೂರದಿಂದ. ಪಿನ್ ಕಳೆದುಹೋಗುವುದು ಹತ್ತಿರದಿಂದ: ಅಂಗಡಿಯ ಗಲ್ಲಾದ ಮುಂದೆ ಹೆಗಲ ಮೇಲಿಂದ ಇಣುಕಿ ನೋಡಿ, ಆಮೇಲೆ ಲೋಕಲ್ ರೈಲಿನ ನೂಕುನುಗ್ಗಲಿನಲ್ಲಿ ಫೋನನ್ನೇ ಎಗರಿಸಿದವರಿಂದ. ಪಿನ್ನಿಗೆ ಜನ್ಮವರ್ಷವನ್ನೋ, ಫೋನು ತೆರೆಯಲು ಬಳಸುವ ಅಂಕಿಗಳನ್ನೋ ಇಟ್ಟುಕೊಂಡವರ ಕೈಯಿಂದ ಫೋನು ಹೋದರೆ ಎರಡು ಆಧಾರಗಳೂ ಒಟ್ಟಿಗೇ ಹೋದಂತೆ.

ಇಲ್ಲಿ ಹಲವರು ತೊಡಕಿಗೆ ಬೀಳುವ ಜಾಗವೊಂದಿದೆ. ಆ್ಯಪ್ ತೆರೆಯುವಾಗ ಕೇಳುವ ಅಂಕಿ ಅಥವಾ ಬೆರಳಚ್ಚು ಬರೀ ಬಾಗಿಲಿನ ಬೀಗ, ಅದರಿಂದಷ್ಟೇ ಹಣ ಹೊರಡುವುದಿಲ್ಲ. ಬ್ಯಾಂಕಿನ ಸ್ವಂತ ಆ್ಯಪ್‌ಗೆ ಎಂಪಿನ್ ಬೇರೆ ಇರುತ್ತದೆ, ಎಟಿಎಂ ಪಿನ್ ಇನ್ನೂ ಬೇರೆ. ಯುಪಿಐ ಪಿನ್ ಕೇಳುವ ಪುಟವನ್ನು ನೀವು ಬಳಸುವ ಆ್ಯಪ್ ಸಿದ್ಧಪಡಿಸುವುದಿಲ್ಲ. ಬಾಂದ್ರಾ ಕುರ್ಲಾ ಸಂಕೀರ್ಣದಲ್ಲಿ ಕಚೇರಿಯಿರುವ, ಯುಪಿಐಯನ್ನು ನಡೆಸುವ ಎನ್‌ಪಿಸಿಐ ಸಂಸ್ಥೆ ಒದಗಿಸುವ ಆ ಪುಟ ಎಲ್ಲ ಆ್ಯಪ್‌ಗಳಲ್ಲೂ ಹೆಚ್ಚುಕಡಿಮೆ ಒಂದೇ ರೂಪದಲ್ಲಿರುತ್ತದೆ. ಬ್ಯಾಂಕಿನ ಹೆಸರು, ಹಣ ಯಾರಿಗೆ, ಎಷ್ಟು ಎಂಬುದು ಅದರ ಮೇಲ್ಭಾಗದಲ್ಲೇ ಇರುತ್ತದೆ. ಆ ಪುಟ ಕಂಡಾಗ ಹಣ ನಿಮ್ಮ ಖಾತೆಯಿಂದ ಹೊರಗೆ ಹೋಗಲಿದೆ ಎಂದೇ ತಿಳಿಯಬೇಕು. ಖಾತೆಯ ಶಿಲ್ಕು ನೋಡಲು ಪಿನ್ ಕೇಳುವುದೊಂದು ಅಪವಾದ. ಹಣ ಪಡೆಯಲು ಪಿನ್ ಎಂದಿಗೂ ಬೇಡ. ಹಳೆಯ ಸೋಫಾ ಮಾರಲು ಜಾಹೀರಾತು ಹಾಕಿದವರಿಗೆ "ಹಣ ಕಳುಹಿಸಿದ್ದೇನೆ, ಪಿನ್ ಹಾಕಿ ಸ್ವೀಕರಿಸಿ" ಎನ್ನುವವರು ಇದನ್ನೇ ಮರೆಸಲು ಯತ್ನಿಸುತ್ತಾರೆ. ವ್ಯಕ್ತಿಯಿಂದ ವ್ಯಕ್ತಿಗೆ ಹಣ ಕೇಳುವ ಕೋರಿಕೆಯನ್ನು ಯುಪಿಐ 2025ರ ಅಕ್ಟೋಬರ್ 1ರಿಂದ ನಿಲ್ಲಿಸಿದ್ದರಿಂದ ಈ ವಂಚನೆಯ ಒಂದು ಬಾಗಿಲು ಮುಚ್ಚಿದೆ, ಆದರೆ ಕ್ಯೂಆರ್ ಕಳುಹಿಸಿ ಸ್ಕ್ಯಾನ್ ಮಾಡಿಸುವ ಬಾಗಿಲು ತೆರೆದೇ ಇದೆ.

ಮೂರನೆಯ ದಾರಿ: ಫೋನಿನಲ್ಲೇ ಒಪ್ಪಿಗೆ

ಮಗಳು ಮತ್ತೆ ಕಾರ್ಡಿನ ವಿವರ ತುಂಬುತ್ತಾಳೆ, ಆದರೆ ಈ ಬಾರಿ ಬ್ಯಾಂಕಿನ ಪುಟದಲ್ಲಿ ಒಟಿಪಿಗೆ ಜಾಗವಿಲ್ಲ. ಆ್ಯಪ್‌ನಲ್ಲಿ ಒಪ್ಪಿಗೆ ನೀಡಿ ಎಂಬ ಸೂಚನೆ ಮಾತ್ರ ಇದೆ. ಡೊಂಬಿವಿಲಿಯಲ್ಲಿ ತಂದೆಯ ಫೋನಿಗೆ ಬ್ಯಾಂಕಿನ ಆ್ಯಪ್‌ನಿಂದ ಒಂದು ಎಚ್ಚರಿಕೆ ಬರುತ್ತದೆ. ಅವರು ಅದನ್ನು ತೆರೆದರೆ ಮೊತ್ತ, ಹಣ ಪಡೆಯುವವರ ಹೆಸರು, ಒಪ್ಪುವ ಮತ್ತು ತಿರಸ್ಕರಿಸುವ ಎರಡು ಗುಂಡಿಗಳು ಕಾಣುತ್ತವೆ. ಬೆರಳಚ್ಚು ಅಥವಾ ಎಂಪಿನ್ ಕೊಟ್ಟು ಒಪ್ಪಿದರೆ ಮಗಳ ಪರದೆಯಲ್ಲಿ ಟಿಕೆಟ್ ಮೂಡುತ್ತದೆ. ಇಬ್ಬರ ನಡುವೆ ಯಾವ ಅಂಕಿಯೂ ಓಡಾಡಲಿಲ್ಲ.

ಒಳಗೆ ನಡೆಯುವುದು ಸ್ಥೂಲವಾಗಿ ಹೀಗೆ. ಆ್ಯಪ್ ನೋಂದಾಯಿಸಿದಾಗ ಫೋನಿನ ಸುರಕ್ಷಿತ ಭಾಗದಲ್ಲಿ ಒಂದು ಗುಪ್ತಕೀಲಿ ಹುಟ್ಟುತ್ತದೆ. ಸರಿಯಾಗಿ ಕಟ್ಟಿದ ವ್ಯವಸ್ಥೆಯಲ್ಲಿ ಅದು ಆ ಫೋನನ್ನು ಬಿಟ್ಟು ಹೊರಬರುವುದಿಲ್ಲ. ನೀವು ಒಪ್ಪಿದಾಗ ಆ ಕೀಲಿ ಈ ಮೊತ್ತಕ್ಕೆ, ಈ ಅಂಗಡಿಗೆ ಎಂದು ರುಜು ಹಾಕುತ್ತದೆ ಮತ್ತು ಬ್ಯಾಂಕು ಆ ರುಜುವನ್ನು ತಾಳೆ ನೋಡುತ್ತದೆ. ಬೆರಳಚ್ಚು ಬ್ಯಾಂಕಿಗೆ ಹೋಗುವುದಿಲ್ಲ, ಅದು ಕೀಲಿಯನ್ನು ಎಬ್ಬಿಸುವಷ್ಟಕ್ಕೆ ಮಾತ್ರ. ಯುಪಿಐಯಲ್ಲೂ 2025ರ ಅಕ್ಟೋಬರಿನಿಂದ 5,000 ರೂಪಾಯಿವರೆಗಿನ ಪಾವತಿಗೆ ಪಿನ್ ಬದಲು ಫೋನಿನ ಬೆರಳಚ್ಚು ಅಥವಾ ಮುಖ ಗುರುತನ್ನು ಬಳಸುವ ಅವಕಾಶ ಬಂದಿದೆ.

ಸಿಮ್ ಕದ್ದವನಿಗೆ ಈ ಕೀಲಿ ಸಿಗುವುದಿಲ್ಲ, ಸಂದೇಶ ಓದುವ ಆ್ಯಪ್‌ಗೆ ಓದಲು ಏನೂ ಇರುವುದಿಲ್ಲ. ಮೂರರಲ್ಲಿ ಇದೇ ಗಟ್ಟಿ ಎಂಬುದು ನನ್ನ ಅಭಿಪ್ರಾಯ. ಆದರೂ ಎರಡು ಮಿತಿಗಳಿವೆ. ಕರೆಯಲ್ಲಿರುವವನು "ಈಗೊಂದು ನೋಟಿಫಿಕೇಶನ್ ಬರುತ್ತೆ ಅಂಕಲ್, ಅದನ್ನು ಒಪ್ಪಿದರೆ ಪಾವತಿ ರದ್ದಾಗುತ್ತೆ" ಎಂದರೆ, ಮತ್ತು ನೀವು ಒಪ್ಪಿದರೆ, ರುಜು ನಿಮ್ಮದೇ ಆಗಿರುತ್ತದೆ. ರದ್ದು ಮಾಡಲು ಯಾವ ಒಪ್ಪಿಗೆಯೂ ಬೇಡ, ತಿರಸ್ಕರಿಸುವ ಗುಂಡಿಯೇ ಸಾಕು, ಸುಮ್ಮನಿದ್ದರೂ ಕೋರಿಕೆ ತಾನೇ ಕೊನೆಗೊಳ್ಳುತ್ತದೆ. ಇನ್ನೊಂದು, ಫೋನಿನಲ್ಲಿ ಯಾರ ಯಾರ ಬೆರಳು ದಾಖಲಾಗಿದೆಯೋ ಅವರೆಲ್ಲರೂ ಆ ಫೋನಿನ ಲೆಕ್ಕದಲ್ಲಿ ನೀವೇ. ಆಟವಾಡಲೆಂದು ಮೊಮ್ಮಗನ ಬೆರಳನ್ನು ಸೇರಿಸಿದ್ದರೆ ಸೆಟ್ಟಿಂಗ್ಸ್‌ಗೆ ಹೋಗಿ ತೆಗೆದುಹಾಕುವುದು ಒಳ್ಳೆಯದು.

ಮೂರಕ್ಕೂ ಒಂದೇ ಬೇರು

ಇಷ್ಟರಿಂದ ಒಟಿಪಿಯನ್ನು ಬಿಟ್ಟು ಪಿನ್ನಿಗೋ ಫೋನಿನ ಒಪ್ಪಿಗೆಗೋ ಹೋದರೆ ನಿಶ್ಚಿಂತೆ ಎಂದು ತೋರಬಹುದು. ಹಾಗಿಲ್ಲ. ಹೊಸ ಫೋನು ಕೊಂಡ ದಿನವನ್ನು ನೆನೆಯಿರಿ. ಯುಪಿಐ ಆ್ಯಪ್ ಹಾಕಿ, ಡೆಬಿಟ್ ಕಾರ್ಡಿನ ಕೊನೆಯ ಆರು ಅಂಕಿ ಮತ್ತು ಅವಧಿ ತುಂಬಿ, ಬಂದ ಒಟಿಪಿಯನ್ನು ಹಾಕಿ ಹೊಸ ಪಿನ್ ರಚಿಸುತ್ತೀರಿ. ಕೆಲವು ಬ್ಯಾಂಕುಗಳು ಎಟಿಎಂ ಪಿನ್ನನ್ನೂ ಕೇಳುತ್ತವೆ. ಹಳೆಯ ಯುಪಿಐ ಪಿನ್ ಗೊತ್ತಿರಬೇಕೆಂದೇನೂ ಇಲ್ಲ. ಬ್ಯಾಂಕಿನ ಆ್ಯಪ್ ಅನ್ನು ಹೊಸ ಫೋನಿನಲ್ಲಿ ನೋಂದಾಯಿಸುವಾಗಲೂ ಒಂದಲ್ಲ ಒಂದು ಹಂತದಲ್ಲಿ ಒಟಿಪಿ ಬರುತ್ತದೆ. ಹೀಗೆ ಪಾವತಿಯ ಒಟಿಪಿ ಒಂದು ಬೀಗ ತೆರೆಯುವ ಕೀಲಿಯಾದರೆ, ನೋಂದಣಿಯ ಒಟಿಪಿ ಕೀಲಿಗಳನ್ನೇ ಎರಕ ಹೊಯ್ಯುವ ಅಚ್ಚು. ಮೊದಲನೆಯದು ಕೈತಪ್ಪಿದರೆ 2,480 ರೂಪಾಯಿ ಹೋಗುತ್ತದೆ. ಎರಡನೆಯದು ಕೈತಪ್ಪಿದರೆ ನಿಮ್ಮ ಖಾತೆ ಬೇರೊಬ್ಬರ ಫೋನಿಗೆ ಗಂಟು ಬೀಳುತ್ತದೆ.

ಮುಂಬಯಿ, ಪುಣೆಗಳಲ್ಲಿ ಕೊಳವೆ ಗ್ಯಾಸ್ ಇರುವ ಮನೆಗಳಿಗೆ ಬರುವ ಕರೆಗಳು ಇದನ್ನೇ ಗುರಿಯಾಗಿಸುತ್ತವೆ. ಬಿಲ್ಲು ಬಾಕಿಯಿದೆ, ರಾತ್ರಿಯೇ ಸಂಪರ್ಕ ಕಡಿಯುತ್ತೇವೆ ಎಂದು ಹೆದರಿಸಿ, ವಾಟ್ಸ್ಆ್ಯಪ್‌ನಲ್ಲಿ `.apk` ಎಂದು ಕೊನೆಯಾಗುವ ಕಡತವೊಂದನ್ನು ಕಳುಹಿಸುತ್ತಾರೆ. ಅದನ್ನು ಸ್ಥಾಪಿಸಿ ಸಂದೇಶಗಳ ಅನುಮತಿ ಕೊಟ್ಟರೆ ಅದು ನಿಮ್ಮ ಒಟಿಪಿಗಳನ್ನು ವಂಚಕನಿಗೆ ದಾಟಿಸುತ್ತದೆ. ಅಷ್ಟೇ ಅಲ್ಲ, ನಿಮ್ಮ ಸಿಮ್ಮಿನಿಂದ ಸಂದೇಶ ಹೊರಡಿಸಲೂ ಬಲ್ಲದು, ಅಂದರೆ ಯುಪಿಐ ನೋಂದಣಿಯ ಆ ಗೋಜಲು ಸಂದೇಶವನ್ನೂ ಅವನ ಪರವಾಗಿ ಕಳುಹಿಸಬಲ್ಲದು. "ಬಾಕಿ ಹತ್ತೇ ರೂಪಾಯಿ" ಎಂದು ಆ ಆ್ಯಪ್‌ನಲ್ಲಿ ಡೆಬಿಟ್ ಕಾರ್ಡಿನ ವಿವರ ತುಂಬಿಸಿಕೊಳ್ಳುವುದು ಹತ್ತು ರೂಪಾಯಿಯ ಆಸೆಯಿಂದಲ್ಲ. ಪಿನ್ ರಚಿಸಲು ಬೇಕಾದ ವಿವರ ಅದು.

ಹೀಗಾಗುತ್ತಿದೆ ಎಂದು ತಿಳಿಯುವುದು ಹೇಗೆ? ನೀವು ಏನೂ ಮಾಡದಿರುವಾಗ ಯುಪಿಐ ನೋಂದಣಿ ಅಥವಾ ಪಿನ್ ರಚನೆಯ ಸಂದೇಶ ಬರುವುದು, ನೀವು ಕಳುಹಿಸಿದ ಸಂದೇಶಗಳ ಪಟ್ಟಿಯಲ್ಲಿ ಅರ್ಥವಿಲ್ಲದ ಅಕ್ಷರಗಳ ಸಾಲು ಕಾಣುವುದು, ನಿನ್ನೆಯವರೆಗೆ ಸರಿಯಿದ್ದ ಪಿನ್ ಇಂದು ತಪ್ಪೆನ್ನುವುದು, ಬ್ಯಾಂಕಿನ ಆ್ಯಪ್ ತಾನಾಗಿ ಹೊರಹಾಕಿ ಮತ್ತೆ ನೋಂದಾಯಿಸಲು ಹೇಳುವುದು ಇದರ ಲಕ್ಷಣಗಳು. ಸುತ್ತಲಿನವರ ಫೋನಿಗೆ ನೆಟ್‌ವರ್ಕ್ ಇದ್ದು ನಿಮ್ಮದಕ್ಕೆ ಮಾತ್ರ ಗಂಟೆಗಟ್ಟಲೆ ಇಲ್ಲದಿದ್ದರೆ ಸಿಮ್ ಬದಲಾಗಿದೆಯೇ ಎಂದು ಬೇರೆ ಫೋನಿನಿಂದ ಮೊಬೈಲ್ ಕಂಪನಿಯನ್ನು ವಿಚಾರಿಸಬೇಕು. ಹೊಸ ಸಾಧನದಲ್ಲಿ ಯುಪಿಐ ನೋಂದಾಯಿಸಿದಾಗ ಮೊದಲ 24 ಗಂಟೆ ಸಾಮಾನ್ಯವಾಗಿ 5,000 ರೂಪಾಯಿಯ ಮಿತಿಯಿರುತ್ತದೆ. ನಮಗೆ ಕಿರಿಕಿರಿ ಎನಿಸುವ ಆ ಮಿತಿ ಇಂಥ ಸಂದರ್ಭದಲ್ಲಿ ಎಚ್ಚೆತ್ತುಕೊಳ್ಳಲು ಸಮಯ ಕೊಡುತ್ತದೆ.

ಕೈತಪ್ಪಿದ ಮೇಲೆ ಮಾಡಬೇಕಾದದ್ದು

ಕೈತಪ್ಪಿದ್ದು ಯಾವುದು ಎಂಬುದರ ಮೇಲೆ ಮೊದಲ ಹೆಜ್ಜೆ ಬದಲಾಗುತ್ತದೆ.

1. ಪಾವತಿಯ ಒಟಿಪಿ ಹೇಳಿಬಿಟ್ಟಿದ್ದರೆ ಒಟಿಪಿಯ ಹಿಂದೆ ಬೀಳುವುದು ವ್ಯರ್ಥ, ಅದು ಆಗಲೇ ಮುಗಿದಿದೆ. ಆದರೆ ಕಾರ್ಡಿನ ವಿವರ ಅವರ ಬಳಿ ಉಳಿದಿದೆ. ಕಾರ್ಡನ್ನು ಆ್ಯಪ್‌ನಲ್ಲಿ ಅಥವಾ ಬ್ಯಾಂಕಿನ ಸಹಾಯವಾಣಿಯಲ್ಲಿ ನಿರ್ಬಂಧಿಸಬೇಕು. ಹಲವು ವಿದೇಶಿ ತಾಣಗಳು ಒಟಿಪಿ ಇಲ್ಲದೆಯೇ ಕಾರ್ಡಿನಿಂದ ಹಣ ಎಳೆಯುತ್ತವೆ ಎಂಬುದು ನೆನಪಿರಲಿ.

2. ಪಿನ್ ಮಾತ್ರ ಬೇರೆಯವರಿಗೆ ಗೊತ್ತಾಗಿ ಫೋನು ನಿಮ್ಮ ಬಳಿಯೇ ಇದ್ದರೆ ಪಿನ್ ಬದಲಿಸಿದರೆ ಸಾಕು. ಫೋನೂ ಹೋಗಿದ್ದರೆ ಮೊದಲು ಸಿಮ್ ನಿಲ್ಲಿಸಿ, ನಂತರ ಬ್ಯಾಂಕಿಗೆ ಹೇಳಿ ಯುಪಿಐ ಮತ್ತು ಮೊಬೈಲ್ ಬ್ಯಾಂಕಿಂಗನ್ನು ತಡೆಹಿಡಿಸಬೇಕು.

3. ತಪ್ಪಾದ ಕೋರಿಕೆಗೆ ಆ್ಯಪ್‌ನಲ್ಲಿ ಒಪ್ಪಿಗೆ ಒತ್ತಿದ್ದರೆ ಆ ಒಂದು ವ್ಯವಹಾರದ ಮೇಲೆ ಕೂಡಲೇ ಬ್ಯಾಂಕಿನಲ್ಲಿ ತಕರಾರು ದಾಖಲಿಸಿ, ಕಾರ್ಡಿನ ಆನ್‌ಲೈನ್ ಬಳಕೆಯನ್ನು ಆ್ಯಪ್‌ನಲ್ಲೇ ಮುಚ್ಚಬೇಕು.

4. ನೋಂದಣಿಯ ಒಟಿಪಿ ಹೋಗಿದ್ದರೆ ಅಥವಾ ಅನುಮಾನದ ಆ್ಯಪ್ ಸ್ಥಾಪಿಸಿದ್ದರೆ ಆ ಫೋನಿನಿಂದ ಪಿನ್ ಬದಲಿಸಲು ಹೋಗಬಾರದು; ಹೊಸ ಪಿನ್ನಿನ ಒಟಿಪಿಯನ್ನೂ ಅದೇ ಆ್ಯಪ್ ಓದುತ್ತದೆ. ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ ವೈಫೈಯನ್ನೂ ಆರಿಸಿ, ಮನೆಯವರ ಫೋನಿನಿಂದ ಬ್ಯಾಂಕಿಗೆ ಕರೆ ಮಾಡಿ ಖಾತೆಯ ಆನ್‌ಲೈನ್ ವ್ಯವಹಾರಗಳನ್ನೆಲ್ಲ ತಡೆಯಿಸಬೇಕು. ಫೋನನ್ನು ಫ್ಯಾಕ್ಟರಿ ರೀಸೆಟ್ ಮಾಡುವ ಮುನ್ನ ಆ ಕರೆಯ ಸಂಖ್ಯೆ, ಕಡತ ಬಂದ ಚಾಟ್ ಮತ್ತು ಸಂದೇಶಗಳನ್ನು ಬೇರೆ ಫೋನಿನಿಂದ ಫೋಟೊ ತೆಗೆದಿಟ್ಟುಕೊಳ್ಳಬೇಕು.

ಹಣ ಹೋಗಿದ್ದರೆ ಈ ಎಲ್ಲ ಸಂದರ್ಭಗಳಲ್ಲೂ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ ಅಥವಾ `cybercrime.gov.in` ತಾಣದಲ್ಲಿ ದೂರು ಕೊಡಬೇಕು. ಹಣ ಇನ್ನೂ ಯಾವುದಾದರೂ ಖಾತೆಯಲ್ಲಿ ನಿಂತಿದ್ದರೆ ಅದನ್ನು ಅಲ್ಲೇ ತಡೆಹಿಡಿಯಲು ಈ ವ್ಯವಸ್ಥೆಯಿಂದ ಸಾಧ್ಯ.

ಹೊಣೆಗಾರಿಕೆಯ ಲೆಕ್ಕವೂ ಇಲ್ಲಿಂದಲೇ ಶುರು. ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆ ತಂದ ನಿಯಮದ ಪ್ರಕಾರ, ತಪ್ಪು ಬ್ಯಾಂಕಿನದೂ ಅಲ್ಲದೆ ಗ್ರಾಹಕರದೂ ಅಲ್ಲದೆ ವ್ಯವಸ್ಥೆಯ ಬೇರೆಲ್ಲೋ ಆಗಿದ್ದು, ಬ್ಯಾಂಕಿನ ಸಂದೇಶ ಬಂದ ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ಗ್ರಾಹಕರ ನಷ್ಟ ಸೊನ್ನೆ. ಗ್ರಾಹಕರೇ ಒಟಿಪಿಯನ್ನೋ ಪಿನ್ನನ್ನೋ ಹೇಳಿದ್ದರೆ, ಬ್ಯಾಂಕಿಗೆ ತಿಳಿಸುವ ಕ್ಷಣದವರೆಗಿನ ನಷ್ಟ ಅವರದು, ತಿಳಿಸಿದ ಮೇಲಿನದು ಬ್ಯಾಂಕಿನದು. ಒಟಿಪಿ ಹೇಳಿದವರು ನಾಚಿಕೆಯಿಂದ ಸಂಜೆಯವರೆಗೆ ಸುಮ್ಮನಿದ್ದರೆ ಆ ನಡುವೆ ಹೋದ ಪ್ರತಿ ರೂಪಾಯಿಯೂ ಅವರ ತಲೆಗೇ ಬರುತ್ತದೆ. ಆದ್ದರಿಂದ ಬ್ಯಾಂಕಿಗೆ ಕರೆ ಮಾಡಿದಾಗ ದೂರಿನ ಸಂಖ್ಯೆಯನ್ನೂ ಕರೆ ಮಾಡಿದ ಸಮಯವನ್ನೂ ಬರೆದಿಟ್ಟುಕೊಂಡು, ಅದೇ ವಿಷಯವನ್ನು ಬ್ಯಾಂಕಿನ ಇಮೇಲಿಗೂ ಕಳುಹಿಸಿಡಬೇಕು.